ಹದಿನಾಲ್ಕನೆಯ ತಾರೀಖಿನ ಪಟ್ಟಿ ಮತ್ತು ಅಂಗಡಿಯ ಕೀರ್ದಿ

ಪುಣೆಯ ಸ್ವಾರಗೇಟ ಬಸ್ ನಿಲ್ದಾಣದಲ್ಲಿ ವಿಜಯಪುರದ, ಬೆಳಗಾವಿಯ, ಹುಬ್ಬಳ್ಳಿಯ ಬಸ್ಸುಗಳಿಂದ ಇಳಿದು, ಈ ಊರಿನಲ್ಲೇ ನೆಲೆ ನಿಂತ ಕನ್ನಡಿಗರಲ್ಲಿ ಬಹುಮಂದಿ ಹೋಟೆಲ್ ಉದ್ಯಮದವರೆಂಬುದು ಎಲ್ಲರೂ ಬಲ್ಲ ಸಂಗತಿ. ಅವರಿಗೆ ನಾನೀಗ ಬರೆಯಹೊರಟಿರುವ ತಾಪತ್ರಯ ಇಲ್ಲ. ಸಾಮಾನ್ಯ ಉಪಾಹಾರಗೃಹಗಳು 2017ರ ನವೆಂಬರ್ ಮಧ್ಯಭಾಗದಿಂದ ಶೇಕಡಾ 5ರ ತೆರಿಗೆಯನ್ನು ವಸೂಲು ಮಾಡಿ ಕಟ್ಟುತ್ತವೆ; ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಮರಳಿ ಪಡೆಯುವ ಹಕ್ಕು ಅವಕ್ಕೆ ಇಲ್ಲ. ಹಕ್ಕೇ ಇಲ್ಲದಲ್ಲಿ ಜಗಳವೂ ಇಲ್ಲ. ಆದರೆ ಮಿಕ್ಕವರು, ಅಂದರೆ ವಿದ್ಯುತ್ ಸಾಮಗ್ರಿ, ಪಾತ್ರೆ, ಬಣ್ಣ, ಕಬ್ಬಿಣ, ವಾಹನಗಳ ಬಿಡಿಭಾಗ ಮಾರುವ ನಮ್ಮವರು, ಪ್ರತಿ ತಿಂಗಳೂ 14ರಿಂದ 20ನೆಯ ತಾರೀಖಿನವರೆಗೆ ಒಂದು ಪಟ್ಟಿಯನ್ನು ಎದುರಿಗಿಟ್ಟುಕೊಂಡು ತಲೆಯ ಮೇಲೆ ಕೈ ಹೊತ್ತು ಕೂಡುತ್ತಾರೆ. ಆ ಪಟ್ಟಿಯ ಹೆಸರು ಜಿಎಸ್‌ಟಿಆರ್-2ಬಿ.

ಕಳೆದ ಡಿಸೆಂಬರಿನಲ್ಲಿ ಇಂಥ ಒಬ್ಬರ ಅಂಗಡಿಯಲ್ಲಿ ಒಂದು ಸಂಜೆಯನ್ನು ಪೂರ್ತಿಯಾಗಿ ಕಳೆಯುವ ಪ್ರಸಂಗ ನನಗೆ ಬಂತು. ಇಂಡಿ ತಾಲೂಕಿನಿಂದ ಬಂದು, ಸ್ವಾರಗೇಟಿನ ಹತ್ತಿರ ತಂತಿ, ಸ್ವಿಚ್ಚು, ಫ್ಯಾನುಗಳ ವ್ಯಾಪಾರ ನಡೆಸುತ್ತಿರುವ ಹಿರಿಯರು ಅವರು. ನಾನು ಸರಕಾರದ ನೌಕರಿಯವನು ಎಂಬ ಒಂದೇ ಕಾರಣಕ್ಕೆ, ಸರಕಾರದ ಸಕಲ ಕಾಯಿದೆಗಳಿಗೂ ನಾನು ಉತ್ತರ ಹೇಳಬೇಕೆಂಬುದು ಅವರ ನಂಬಿಕೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಬರುವ ಅಭಿಪ್ರಾಯ ನನ್ನದು, ಯಾವ ಇಲಾಖೆಯದೂ ಅಲ್ಲ.

"ಸಾಹೇಬ್ರ, ಮಾಲು ಬಂದದ, ರೊಕ್ಕಾ ಕೊಟ್ಟೀನಿ, ಬಿಲ್ಲು ಕೈಯಾಗದ. ಮತ್ತ ಈ ಪಟ್ಟಿಯೊಳಗ ಇಲ್ಲಂದ್ರ ನನ್ನ ರೊಕ್ಕಾ ಎಲ್ಲಿ ಹೋತ್ರೀ?" ಎಂದು ಅವರು ಕೇಳಿದರು. ಈ ಪ್ರಶ್ನೆ ಬಹಳ ಸರಳವಾದುದು. ಉತ್ತರ ಸರಳವಾಗಿಲ್ಲ ಎಂಬುದೇ ಈ ಲೇಖನಕ್ಕೆ ಕಾರಣ.

ಈ ಪಟ್ಟಿ ಹುಟ್ಟುವ ಬಗೆಯನ್ನು ಮೊದಲು ಅರಿಯಬೇಕು. ಅಂಗಡಿಕಾರ ಮಾಲು ಕೊಳ್ಳುವಾಗ ಬೆಲೆಯ ಜೊತೆಗೆ ತೆರಿಗೆಯನ್ನೂ ಕೊಡುತ್ತಾನೆ. ಅದೇ ಮಾಲನ್ನು ಮಾರುವಾಗ ಗಿರಾಕಿಯಿಂದ ತೆರಿಗೆ ವಸೂಲು ಮಾಡುತ್ತಾನೆ. ವಸೂಲಾದ ತೆರಿಗೆಯಲ್ಲಿ ತಾನು ಮೊದಲೇ ಕೊಟ್ಟದ್ದನ್ನು ಕಳೆದು ಉಳಿದದ್ದನ್ನು ಸರಕಾರಕ್ಕೆ ಕಟ್ಟಿದರೆ ಸಾಕು. ಈ ಕಳೆಯುವ ಮೊತ್ತಕ್ಕೆ ಹೂಡುವಳಿ ತೆರಿಗೆ ಜಮೆ ಎಂದು ಹೆಸರು. ಅದನ್ನು ಅಂಗಡಿಕಾರ ತನ್ನ ಪುಸ್ತಕ ನೋಡಿ ಬರೆದುಕೊಳ್ಳುವುದು ಹಳೆಯ ಪದ್ಧತಿ. ಈಗ ಹಾಗಲ್ಲ. ಮಾಲು ಮಾರಿದವನು ಮುಂದಿನ ತಿಂಗಳ 11ನೆಯ ತಾರೀಖಿನೊಳಗೆ ತನ್ನ ಮಾರಾಟದ ಬಿಲ್ಲುಗಳನ್ನು ಒಂದೊಂದಾಗಿ ಜಿಎಸ್‌ಟಿಆರ್-1 ಎಂಬ ನಮೂನೆಯಲ್ಲಿ ತುಂಬಬೇಕು. ಯಂತ್ರವು ಆ ಬಿಲ್ಲುಗಳನ್ನೆಲ್ಲ ಕೊಂಡವರ ನೋಂದಣಿ ಸಂಖ್ಯೆಗೆ ಅನುಸಾರವಾಗಿ ವಿಂಗಡಿಸಿ, 14ರಂದು ಪ್ರತಿಯೊಬ್ಬ ಕೊಂಡವನ ಹೆಸರಿನಲ್ಲಿ ಒಂದು ಪಟ್ಟಿ ತೆಗೆಯುತ್ತದೆ. ಅಂದರೆ ನನ್ನ ಖರೀದಿಯ ಪಟ್ಟಿಯನ್ನು ಬರೆಯುವವನು ನಾನಲ್ಲ, ನನಗೆ ಮಾರಿದವರು. ಅವರು ಬರೆಯಲು ಮರೆತರೆ ನನ್ನ ಪಟ್ಟಿಯಲ್ಲಿ ಅದು ಇಲ್ಲ.

ಆರಂಭದ ಯೋಜನೆ ಹೀಗಿರಲಿಲ್ಲ. 2017ರ ಜುಲೈ 1ರಂದು ಕಾಯಿದೆ ಜಾರಿಗೆ ಬಂದಾಗ, ಮಾರಿದವನ ಪಟ್ಟಿಗೆ ಕೊಂಡವನು ತನ್ನ ಕಡೆಯಿಂದ ಉತ್ತರ ಬರೆಯುವ ಜಿಎಸ್‌ಟಿಆರ್-2 ಎಂಬ ನಮೂನೆಯೂ ಇತ್ತು. ಬಿಟ್ಟುಹೋದ ಬಿಲ್ಲನ್ನು ಕೊಂಡವನೇ ಸೇರಿಸಬಹುದಿತ್ತು. ಜಾಲಕ್ಕೆ ಆ ಭಾರ ತಾಳದೆ, ಮೊದಲ ತಿಂಗಳ ಅನುಭವದ ನಂತರವೇ ಅದನ್ನು ತಡೆಹಿಡಿಯಲಾಯಿತು. ಅದು ಮತ್ತೆ ಮೇಲೇಳಲಿಲ್ಲ. ಕೆಲಕಾಲ ವ್ಯಾಪಾರಿ ತನ್ನ ಪುಸ್ತಕದಂತೆ ಜಮೆ ಪಡೆದ. 2019ರ ಅಕ್ಟೋಬರಿನಲ್ಲಿ, ಮಾರಿದವರು ತುಂಬಿದ ಬಿಲ್ಲುಗಳ ಮೇಲೆ ಶೇಕಡಾ 20ರಷ್ಟು ಮಾತ್ರ ಹೆಚ್ಚುವರಿ ಪಡೆಯಬಹುದೆಂಬ ನಿಯಮ ಬಂತು. ಅದು 2020ರ ಜನವರಿಯಲ್ಲಿ 10ಕ್ಕೆ, 2021ರ ಜನವರಿಯಲ್ಲಿ 5ಕ್ಕೆ ಇಳಿದು, 2022ರ ಜನವರಿ 1ರಿಂದ ಸೊನ್ನೆಗೆ ಬಂದು ನಿಂತಿತು. ಈ ನಡುವೆ, 2020ರ ಜುಲೈ ತಿಂಗಳ ಲೆಕ್ಕದಿಂದ 2ಬಿ ಪಟ್ಟಿ ಹುಟ್ಟಿತು. ಈಗ ಕಾಯಿದೆಯ 16ನೆಯ ಕಲಮಿನ ಪ್ರಕಾರ, ಬಿಲ್ಲು ಕೈಯಲ್ಲಿರಬೇಕು, ಮಾಲು ಬಂದಿರಬೇಕು, ಆ ಬಿಲ್ಲನ್ನು ಮಾರಿದವನು ತೋರಿಸಿರಬೇಕು, ಅದರ ತೆರಿಗೆ ಸರಕಾರಕ್ಕೆ ಮುಟ್ಟಿರಲೂಬೇಕು. ಮೊದಲ ಎರಡು ಕೊಂಡವನ ಕೈಯಲ್ಲಿವೆ, ಕೊನೆಯ ಎರಡು ಇಲ್ಲ.

ಇನ್ನು ಅಂಗಡಿಯ ಲೆಕ್ಕಕ್ಕೆ ಬರೋಣ. ಅದು 2025ರ ನವೆಂಬರ್ ತಿಂಗಳದು. ಅವರ ಖರೀದಿ ಪುಸ್ತಕದ ಪ್ರಕಾರ ಆ ತಿಂಗಳು ಕೊಟ್ಟ ತೆರಿಗೆ 1,86,400 ರೂಪಾಯಿ. ಡಿಸೆಂಬರ್ 14ರ ಪಟ್ಟಿಯಲ್ಲಿ ಸಿಗತಕ್ಕ ಜಮೆ ಎಂದು ತೋರಿಸಿದ್ದು 1,58,680 ರೂಪಾಯಿ. ವ್ಯತ್ಯಾಸ 27,720. ಲೆಕ್ಕ ಬರೆಯುವ ಹುಡುಗ, "ಪಟ್ಟಿಯಲ್ಲಿದ್ದಷ್ಟು ತೆಗೆದುಕೊಂಡು ಮುಗಿಸೋಣ" ಎಂದ. ಮಾಲಕರು, "ನನ್ನ ಪುಸ್ತಕದಾಗ ಇದ್ದಷ್ಟು ತಗೋತೀನಿ, ನೋಟೀಸು ಬಂದ್ರ ನೋಡೂಣು" ಎಂದರು. ಇಬ್ಬರದೂ ತಪ್ಪೆಂದು ತೋರಿಸಲು ನಮಗೆ ಮೂರು ತಾಸು ಹಿಡಿಯಿತು.

ತಾಳೆ ನೋಡುವಾಗ ಎಲ್ಲರೂ ಮಾಡುವ ಮೊದಲ ತಪ್ಪೆಂದರೆ ಮೊತ್ತದಿಂದ ಮೊತ್ತವನ್ನು ಕಳೆದು, ಉಳಿದ ಅಂಕಿಯನ್ನೇ ಹುಡುಕಲು ಕೂಡುವುದು. 27,720 ರೂಪಾಯಿಯ ಬಿಲ್ಲು ಎಲ್ಲಿಯೂ ಇರುವುದಿಲ್ಲ. ಅದು ಅತ್ತಲಿಂದ ಕೆಲವು, ಇತ್ತಲಿಂದ ಕೆಲವು ಅಂಕಿಗಳು ಒಂದನ್ನೊಂದು ನುಂಗಿ ಉಳಿದ ಶೇಷ. ಎರಡನೆಯ ತಪ್ಪು, ಬಿಲ್ಲಿನ ನಂಬರನ್ನು ಹಿಡಿದು ಜೋಡಿಸುವುದು. ಪುಸ್ತಕದಲ್ಲಿ ಹುಡುಗ 412 ಎಂದು ಬರೆದಿದ್ದ ಬಿಲ್ಲು ಪಟ್ಟಿಯಲ್ಲಿ PE/25-26/0412 ಎಂದು ಬಂದಿತ್ತು. ತೆರಿಗೆ ಎರಡರಲ್ಲೂ 9,000 ರೂಪಾಯಿಯೇ. ಆದರೂ ಗಣಕಯಂತ್ರ ಅದನ್ನು ಎರಡು ತಪ್ಪುಗಳೆಂದು ತೋರಿಸಿತ್ತು: ಪುಸ್ತಕದಲ್ಲಿದ್ದು ಪಟ್ಟಿಯಲ್ಲಿಲ್ಲದ್ದು ಒಂದು, ಪಟ್ಟಿಯಲ್ಲಿದ್ದು ಪುಸ್ತಕದಲ್ಲಿಲ್ಲದ್ದು ಇನ್ನೊಂದು. ಆದಕಾರಣ ಮೊದಲು ಮಾರಿದವನ ನೋಂದಣಿ ಸಂಖ್ಯೆಯನ್ನೂ ತೆರಿಗೆಯ ಮೊತ್ತವನ್ನೂ ಹಿಡಿದು ಜೋಡಿಸಬೇಕು, ನಂಬರು ತಾರೀಖುಗಳನ್ನು ಆಮೇಲೆ ನೋಡಬೇಕು. ಹೀಗೆ ಜೋಡಿಸುತ್ತ ಹೋದಾಗ ಉದ್ದನೆಯ ತಪ್ಪಿನ ಪಟ್ಟಿ ಕರಗಿ, ಕೊನೆಗೆ ಆರು ನಮೂದುಗಳು ಮಾತ್ರ ಉಳಿದವು.

ಮೊದಲನೆಯದು ಭವಾನಿ ಪೇಠೆಯ ಒಬ್ಬ ಸಣ್ಣ ವ್ಯಾಪಾರಿಯ ಬಿಲ್ಲು, ತೆರಿಗೆ 12,600 ರೂಪಾಯಿ. ವರ್ಷಕ್ಕೆ 5 ಕೋಟಿಯೊಳಗಿನ ವಹಿವಾಟಿನವರು ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸುವ ಸೌಲಭ್ಯ 2021ರಿಂದ ಇದೆ. ಈತ ಅಂಥವನು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಅವನ ಬಿಲ್ಲುಗಳು ಜನವರಿ 13ರೊಳಗೆ ಒಟ್ಟಿಗೆ ಬರುತ್ತವೆ. ನಡುವಿನ ತಿಂಗಳುಗಳಲ್ಲಿಯೂ 13ರೊಳಗೆ ಬೇಕಾದ ಬಿಲ್ಲುಗಳನ್ನಷ್ಟೇ ಏರಿಸುವ ಐಎಫ್ಎಫ್ ಎಂಬ ಕಿಟಕಿ ಇದೆ. ಆದರೆ ಅದು ಕಡ್ಡಾಯವಲ್ಲ, ಅದಿದೆಯೆಂದು ಆತನಿಗೆ ಗೊತ್ತೂ ಇರಲಿಲ್ಲ. ಎರಡನೆಯದು 9,360 ರೂಪಾಯಿಯ ಬಿಲ್ಲು. ಮಾರಿದವನು ತಿಂಗಳ ಲೆಕ್ಕದವನೇ, ಆದರೆ 11ಕ್ಕೆ ಸಲ್ಲಿಸಬೇಕಾದುದನ್ನು 12ಕ್ಕೆ ಸಲ್ಲಿಸಿದ್ದ. ಒಂದು ದಿನ ತಡವಾದ್ದಕ್ಕೆ ಕೊಂಡವನ ಜಮೆ ಒಂದು ತಿಂಗಳು ಮುಂದೆ ಹೋಯಿತು. ಪಟ್ಟಿಯ ಬಾಗಿಲು 11ರ ನಡುರಾತ್ರಿಗೆ ಮುಚ್ಚುತ್ತದೆ. ಆಮೇಲೆ ಬಂದದ್ದು ಮುಂದಿನ ತಿಂಗಳ ಪಟ್ಟಿಗೆ.

ಈ ಎರಡೂ ಕಾಲದ ವ್ಯತ್ಯಾಸಗಳೇ ಹೊರತು ನಷ್ಟವಲ್ಲ. ಇವನ್ನು ಪುಸ್ತಕದಲ್ಲಿ ಬೇರೊಂದು ಖಾತೆಗೆ ಹಾಕಿ, ಪಟ್ಟಿಯಲ್ಲಿ ಬಂದ ತಿಂಗಳು ಪಡೆಯಬೇಕು. ಅವಸರಪಟ್ಟು ಈಗಲೇ ಪಡೆದು ಬಳಸಿಬಿಟ್ಟರೆ ಶೇಕಡಾ 18ರ ಬಡ್ಡಿ. ಎರಡೂ ಸೇರಿದ 21,960ಕ್ಕೆ ತಿಂಗಳಿಗೆ ಸುಮಾರು 330 ರೂಪಾಯಿ. ಬಡ್ಡಿ ಚಿಕ್ಕದು. ಆದರೆ ಪಟ್ಟಿಗಿಂತ ಗಣನೀಯವಾಗಿ ಹೆಚ್ಚು ಪಡೆದವರಿಗೆ 2023ರಿಂದ ಡಿಆರ್‌ಸಿ-01ಸಿ ಎಂಬ ಸೂಚನಾ ಪತ್ರ ತಾನಾಗಿ ಹೊರಡುತ್ತದೆ. ಏಳು ದಿನಗಳಲ್ಲಿ ಹಣ ಕಟ್ಟಬೇಕು, ಇಲ್ಲವೇ ಕಾರಣ ಬರೆಯಬೇಕು. ಎರಡೂ ಮಾಡದಿದ್ದರೆ ಮುಂದಿನ ಜಿಎಸ್‌ಟಿಆರ್-1 ಸಲ್ಲಿಸಲು ಬಾರದು. ಆಗ ನಮ್ಮಿಂದ ಕೊಂಡವರ ಪಟ್ಟಿಯಲ್ಲಿ ನಮ್ಮ ಬಿಲ್ಲುಗಳು ಮಾಯವಾಗುತ್ತವೆ. ಒಬ್ಬನ ತೊಂದರೆ ಹೀಗೆ ಸರಪಳಿಯಂತೆ ಇಳಿಯುತ್ತ ಹೋಗುತ್ತದೆ.

ಮೂರನೆಯದು ಕೆಟ್ಟುಹೋದ ಫ್ಯಾನುಗಳನ್ನು ಮರಳಿಸಿದ್ದಕ್ಕೆ ಮಾರಿದವನು ಬರೆದ ಕ್ರೆಡಿಟ್ ನೋಟು. 15,000 ರೂಪಾಯಿಯ ಮಾಲು, ಅದರ ಮೇಲೆ 2,700 ತೆರಿಗೆ. ಪಟ್ಟಿಯಲ್ಲಿ ಅದನ್ನು ಕಳೆದಿತ್ತು, ನಮ್ಮ ಪುಸ್ತಕದಲ್ಲಿ ಕಳೆದಿರಲಿಲ್ಲ. ಮಾಲು ಮರಳಿಸಿದ ಚೀಟಿ ಡ್ರಾಯರಿನಲ್ಲಿಯೇ ಬಿದ್ದಿತ್ತು. ಇಲ್ಲಿ ತಪ್ಪು ನಮ್ಮದೇ. ನಾಲ್ಕನೆಯದೂ ನಮ್ಮದೇ: ಬ್ಯಾಂಕಿನವರು ತಮ್ಮ ಸೇವಾಶುಲ್ಕದ ಮೇಲೆ ಹಿಡಿದ 540 ರೂಪಾಯಿ ತೆರಿಗೆ ಪಟ್ಟಿಯಲ್ಲಿತ್ತು, ಪುಸ್ತಕದಲ್ಲಿರಲಿಲ್ಲ. ಬ್ಯಾಂಕಿನ ಖರ್ಚನ್ನು ಪಾಸ್‌ಬುಕ್ ನೋಡಿ ಒಂದೇ ಅಂಕಿಯಾಗಿ ಬರೆದುಬಿಡುವ ಚಾಳಿ ಬಹಳ ಅಂಗಡಿಗಳಲ್ಲಿದೆ. ಹೀಗೆ ವರ್ಷಗಟ್ಟಲೆ ಬಿಟ್ಟ ಹಣವೆಷ್ಟೋ.

ಐದನೆಯದು ವಿಚಿತ್ರವಾದುದು. 3,600 ರೂಪಾಯಿ ತೆರಿಗೆಯ ಒಂದು ಬಿಲ್ಲು ಪಟ್ಟಿಯಲ್ಲಿತ್ತು, ಮಾಲು ಮಾತ್ರ ಇವರು ಕೊಂಡದ್ದೇ ಅಲ್ಲ. ಮಾರಿದವನ ಲೆಕ್ಕದವರು ಗಿರಾಕಿಗಳ ಹೆಸರಿನ ಸಾಲಿನಲ್ಲಿ ಬೇರೊಬ್ಬರ ಬದಲು ಇವರನ್ನು ಆರಿಸಿದ್ದರು. ಪಟ್ಟಿಯಲ್ಲಿದ್ದಷ್ಟು ತೆಗೆದುಕೊಳ್ಳೋಣ ಎಂದಿದ್ದ ಹುಡುಗನ ಮಾತು ಇಲ್ಲಿ ಮುರಿಯಿತು. ಪಟ್ಟಿಯಲ್ಲಿ ಇದೆ ಎಂಬುದು ಹಕ್ಕಲ್ಲ. ಮಾಲು ಬಾರದ ಬಿಲ್ಲಿನ ಜಮೆ ಪಡೆದರೆ ಅದು ಕಾಯಿದೆಯ ಕಣ್ಣಿನಲ್ಲಿ ಸುಳ್ಳು ಜಮೆ. 2024ರ ಅಕ್ಟೋಬರಿನಿಂದ ಐಎಂಎಸ್ ಎಂಬ ಪುಟದಲ್ಲಿ ಪ್ರತಿಯೊಂದು ಬಿಲ್ಲನ್ನೂ ಒಪ್ಪಲು, ತಿರಸ್ಕರಿಸಲು ಅಥವಾ ಮುಂದಕ್ಕೆ ಇಡಲು ಅವಕಾಶವಿದೆ. ಏನೂ ಮಾಡದಿದ್ದರೆ ಒಪ್ಪಿದಂತೆಯೇ. ಮಾಲು ಇನ್ನೂ ದಾರಿಯಲ್ಲಿದ್ದರೆ ಅದನ್ನು ಮುಂದಕ್ಕಿಡುವುದು ಸರಿ. ನಾವು ಈ ಬಿಲ್ಲನ್ನು ತಿರಸ್ಕರಿಸಿ, ಪಟ್ಟಿಯನ್ನು ಮತ್ತೊಮ್ಮೆ ಲೆಕ್ಕ ಹಾಕಿಸಿದೆವು. 14ರ ನಂತರ ಹೀಗೆ ಬದಲಾವಣೆ ಮಾಡಿದವರು ಮರುಲೆಕ್ಕದ ಗುಂಡಿಯನ್ನು ಒತ್ತಲು ಮರೆಯಬಾರದು, ಇಲ್ಲವಾದರೆ ಹಳೆಯ ಅಂಕಿಯೇ ಉಳಿದಿರುತ್ತದೆ.

ಆರನೆಯ ನಮೂದಿನ ಬಗ್ಗೆ ತುಸು ವಿಸ್ತಾರವಾಗಿ ಬರೆಯಬೇಕು. ಹೊರನಾಡ ಕನ್ನಡಿಗರನ್ನು ವಿಶೇಷವಾಗಿ ಕಾಡುವುದು ಇದೇ.

ಅಕ್ಕನ ಮಗನ ಮದುವೆಗೆಂದು ಬೆಂಗಳೂರಿಗೆ ಹೋಗಿದ್ದ ನಮ್ಮ ಹಿರಿಯರು, ಅಲ್ಲಿ ತಮ್ಮ ಕಡೆಯವರೇ ಆದ ಸಗಟು ವ್ಯಾಪಾರಿಯೊಬ್ಬರಿಂದ 40,000 ರೂಪಾಯಿಯ ಸ್ವಿಚ್ಚುಗಳನ್ನು ಕೊಂಡು, ಬಾಡಿಗೆ ವಾಹನದಲ್ಲಿ ತಾವೇ ಹಾಕಿಕೊಂಡು ಬಂದರು. ತಮ್ಮ ನೋಂದಣಿ ಸಂಖ್ಯೆಯನ್ನೂ ಹೇಳಿದರು. ಆದರೆ ಬಿಲ್ಲು ಬರೆದವನು, ಗಿರಾಕಿ ಎದುರಿಗೆ ನಿಂತು ಮಾಲು ಒಯ್ಯುತ್ತಿದ್ದಾನೆಂದು, ಕೇಂದ್ರದ ತೆರಿಗೆ 3,600, ಕರ್ನಾಟಕದ ತೆರಿಗೆ 3,600, ಹೀಗೆ 7,200 ಹಚ್ಚಿದ. ಅಂತರರಾಜ್ಯ ವಹಿವಾಟಿನ ಐಜಿಎಸ್‌ಟಿ ಹಚ್ಚಬೇಕಾಗಿತ್ತು. ಬಿಲ್ಲಿನ ಒಟ್ಟು ಮೊತ್ತ 47,200. ಐವತ್ತು ಸಾವಿರ ದಾಟಿದ್ದರೆ ಇ-ವೇ ಬಿಲ್ಲು ತೆಗೆಯುವಾಗಲಾದರೂ ಮಾಲು ಹೋಗುವ ಊರು ಪುಣೆ ಎಂಬುದು ಎದ್ದು ಕಾಣುತ್ತಿತ್ತು. ಅದೂ ಇಲ್ಲವಾಯಿತು.

ಆ ಬಿಲ್ಲು 2ಬಿಯಲ್ಲಿ ಬಂದಿದೆ. ಆದರೆ ಸಿಗತಕ್ಕ ಜಮೆಯ ಭಾಗದಲ್ಲಲ್ಲ, ಸಿಗದ ಜಮೆಯ ಭಾಗದಲ್ಲಿ. ಕಾರಣವನ್ನೂ ಪಟ್ಟಿಯೇ ಹೇಳುತ್ತದೆ: ಮಾರಿದವನ ರಾಜ್ಯವೂ ಪೂರೈಕೆಯ ಸ್ಥಳವೂ ಒಂದೇ, ಕೊಂಡವನ ರಾಜ್ಯ ಬೇರೆ. ನೋಂದಣಿ ಸಂಖ್ಯೆಯ ಮೊದಲೆರಡು ಅಂಕಿಗಳು ರಾಜ್ಯದ ಗುರುತು. ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ಕೇರಳಕ್ಕೆ 32. 29ರವನು ಕರ್ನಾಟಕದೊಳಗಿನ ಮಾರಾಟವೆಂದು ಬಿಲ್ಲು ಬರೆದು 27ರವನ ಹೆಸರು ಹಾಕಿದರೆ ಆ ತೆರಿಗೆ ಕೊಂಡವನಿಗೆ ಸಿಗದು. ಇದು ಪುಣೆಯವರ ಕಷ್ಟ ಮಾತ್ರವೇನಲ್ಲ. ವಿಜಯಪುರದಿಂದ ಮಾಲು ತರುವ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಅಂಗಡಿಯವರು, ಮಂಗಳೂರಿನಿಂದ ತರುವ ಕಾಸರಗೋಡಿನವರು, ಎಲ್ಲರೂ ಇದೇ ಕುಣಿಯ ಅಂಚಿನಲ್ಲಿ ನಡೆಯುವವರು. ವ್ಯಾಪಾರದ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ವಸತಿಗೃಹದಲ್ಲಿ ಇಳಿದರೂ ಹೀಗೆಯೇ. ಅಲ್ಲಿಯಂತೂ ಪೂರೈಕೆಯ ಸ್ಥಳ ನಿಜವಾಗಿಯೂ ಕರ್ನಾಟಕ, ಬಿಲ್ಲು ಬರೆದವನ ತಪ್ಪೇ ಇಲ್ಲ.

ಇದರ ಹಿಂದಿನ ತರ್ಕ ನನಗೆ ಅರ್ಧ ಒಪ್ಪಿಗೆಯಾಗುತ್ತದೆ. ಕರ್ನಾಟಕದ ಬೊಕ್ಕಸಕ್ಕೆ ಹೋದ 3,600ನ್ನು ಮಹಾರಾಷ್ಟ್ರ ಏಕೆ ಬಿಟ್ಟುಕೊಡಬೇಕು? ಅಂತರರಾಜ್ಯ ತೆರಿಗೆಯಾಗಿದ್ದರೆ ಕೇಂದ್ರವು ನಡುವೆ ನಿಂತು ಎರಡು ರಾಜ್ಯಗಳ ಲೆಕ್ಕ ತೀರಿಸುತ್ತಿತ್ತು, ಇಲ್ಲಿ ಆ ದಾರಿ ಇಲ್ಲ. ಆದರೆ ಮಿಕ್ಕ 3,600 ಕೇಂದ್ರದ ತೆರಿಗೆ. ಅದು ಬೆಂಗಳೂರಿನಿಂದ ಹೋದರೂ ಪುಣೆಯಿಂದ ಹೋದರೂ ಸೇರುವುದು ದಿಲ್ಲಿಯ ಖಜಾನೆಯನ್ನೇ. ಪ್ರತಿ ರಾಜ್ಯದ ನೋಂದಣಿಯನ್ನೂ ಬೇರೆ ಬೇರೆ ವ್ಯಕ್ತಿಯೆಂದು ಕಾಯಿದೆ ಎಣಿಸುವುದರಿಂದ ಅದೂ ಸಿಗದು. ಒಂದೇ ದೇಶ, ಒಂದೇ ತೆರಿಗೆ ಎಂಬ ಘೋಷಣೆ ನೆನಪಿರುವವರಿಗೆ ಈ 3,600ರ ಗತಿ ಕಹಿಯಾಗಿ ತೋರಿದರೆ ತಪ್ಪಲ್ಲ. ಕೇಂದ್ರದ ಪಾಲನ್ನಾದರೂ ರಾಜ್ಯದ ಗಡಿ ನೋಡದೆ ಜಮೆ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ರಾಜ್ಯಗಳಿಗೆ ಇದರಿಂದ ಒಂದು ಪೈಸೆಯೂ ಕಡಿಮೆಯಾಗದು.

ಅಲ್ಲಿಯವರೆಗೆ ಇರುವ ದಾರಿ ಒಂದೇ. ಬೆಂಗಳೂರಿನವರು ಹಳೆಯ ಬಿಲ್ಲಿಗೆ ಕ್ರೆಡಿಟ್ ನೋಟು ಬರೆದು, ಪೂರೈಕೆಯ ಸ್ಥಳ ಮಹಾರಾಷ್ಟ್ರ ಎಂದು ತೋರಿಸಿ, 7,200 ರೂಪಾಯಿ ಐಜಿಎಸ್‌ಟಿಯ ಹೊಸ ಬಿಲ್ಲು ಕೊಡಬೇಕು. 2025–26ರ ಬಿಲ್ಲುಗಳ ಜಮೆ ಪಡೆಯಲು 2026ರ ನವೆಂಬರ್ 30 ಕೊನೆಯ ದಿನ. ವಾರ್ಷಿಕ ಲೆಕ್ಕವನ್ನು ಅದಕ್ಕೂ ಮೊದಲು ಸಲ್ಲಿಸಿದರೆ ಆ ದಿನವೇ ಕೊನೆ. ಮಾಲನ್ನು ಗಲ್ಲೆಯ ಮುಂದೆಯೇ ಕೈಗೆ ಕೊಟ್ಟಾಗ ಪೂರೈಕೆಯ ಸ್ಥಳ ಯಾವುದೆಂಬ ವಾದಕ್ಕೆ ಆ ವ್ಯಾಪಾರಿಯ ಲೆಕ್ಕಿಗ ಎಳೆದರೂ ಎಳೆಯಬಹುದು. ಆದಕಾರಣ ಕೊಳ್ಳುವಾಗಲೇ, ಮಾಲು ಪುಣೆಗೆ ಹೋಗುತ್ತದೆಂದು ಹೇಳಿ, ಅಂಗಡಿಯ ಪುಣೆಯ ವಿಳಾಸವನ್ನೂ ವಾಹನದ ಸಂಖ್ಯೆಯನ್ನೂ ಬಿಲ್ಲಿನಲ್ಲಿ ಬರೆಸುವುದು ಲೇಸು. ಬಿಲ್ಲು ಕೈಗೆ ಬಂದೊಡನೆ ನೋಡಬೇಕಾದುದು ಮೊತ್ತವನ್ನಲ್ಲ, ತೆರಿಗೆಯ ಸಾಲು ಒಂದೋ ಎರಡೋ ಎಂಬುದನ್ನು. ಹೊರರಾಜ್ಯದ ಬಿಲ್ಲಿನಲ್ಲಿ ಎರಡು ಸಾಲು ಕಂಡರೆ ಅಲ್ಲಿಯೇ ನಿಲ್ಲಬೇಕು.

ಈಗ ಲೆಕ್ಕ ಕೂಡುತ್ತದೆ. ಪುಸ್ತಕದ 1,86,400ರಲ್ಲಿ ಮುಂದೆ ಬರಲಿರುವ ಎರಡು ಬಿಲ್ಲುಗಳ 21,960, ಬೆಂಗಳೂರಿನ 7,200, ಕ್ರೆಡಿಟ್ ನೋಟಿನ 2,700 ಕಳೆದು, ಬ್ಯಾಂಕಿನ 540 ಕೂಡಿಸಿದರೆ 1,55,080. ಪಟ್ಟಿಯ 1,58,680ರಲ್ಲಿ ಪರರ ಬಿಲ್ಲಿನ 3,600 ಕಳೆದರೂ ಅದೇ 1,55,080. ಎರಡು ಕಡೆಯಿಂದ ನಡೆದು ಒಂದೇ ಅಂಕಿಯನ್ನು ಮುಟ್ಟಿದಾಗಲೇ ತಾಳೆಯಾಯಿತೆಂದು ಅರ್ಥ. ಮಾಲಕರ ಮಾತಿನಂತೆ ನಡೆದಿದ್ದರೆ 31,320 ಹೆಚ್ಚಾಗುತ್ತಿತ್ತು, ಹುಡುಗನ ಮಾತಿನಂತಾದರೆ 3,600.

ಇಷ್ಟಾದ ಮೇಲೂ ಒಂದು ಅಪಾಯ ಉಳಿದೇ ಇರುತ್ತದೆ, ಅದು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಬಿಲ್ಲು ತೋರಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಮಾರಿದವನು ಜಿಎಸ್‌ಟಿಆರ್-1ರಲ್ಲಿ ಬಿಲ್ಲು ತೋರಿಸಿ, ಹಣ ಕಟ್ಟುವ 3ಬಿ ಸಲ್ಲಿಸದೆ ಹೋದರೆ, 2ಬಿ ಪಟ್ಟಿ ಏನೂ ಆಗಿಲ್ಲವೆಂಬಂತೆ ಜಮೆ ತೋರಿಸುತ್ತದೆ. 2022ರ ಡಿಸೆಂಬರಿನಲ್ಲಿ ಬಂದ 37ಎ ನಿಯಮದ ಪ್ರಕಾರ, ಆರ್ಥಿಕ ವರ್ಷ ಮುಗಿದ ನಂತರದ ಸೆಪ್ಟೆಂಬರ್ 30ರವರೆಗೂ ಆತ ಅದನ್ನು ಸಲ್ಲಿಸದಿದ್ದರೆ, ಕೊಂಡವನು ನವೆಂಬರ್ 30ರೊಳಗೆ ಆ ಜಮೆಯನ್ನು ಮರಳಿಸಬೇಕು. ಆತ ಕಟ್ಟಿದ ದಿನ ಮತ್ತೆ ಪಡೆಯಬಹುದು. ಆತ ಅಂಗಡಿ ಮುಚ್ಚಿ ಹೋಗಿದ್ದರೆ? ಕಾಯಿದೆ ಮೌನ. 2ಎ ಎಂಬ ಹಳೆಯ ಪಟ್ಟಿಯಲ್ಲಿ ಪ್ರತಿ ಮಾರಾಟಗಾರನ 3ಬಿ ಸಲ್ಲಿಕೆಯಾಗಿದೆಯೋ ಇಲ್ಲವೋ ಎಂಬ ಅಂಕಣ ಇಂದಿಗೂ ಇದೆ. ಮೂರು ತಿಂಗಳಿಗೊಮ್ಮೆಯಾದರೂ ಅದನ್ನು ನೋಡುವುದು ಒಳ್ಳೆಯದು.

ಮಾರಿದವನ ಪಾಪಕ್ಕೆ ಕೊಂಡವನಿಗೆ ಶಿಕ್ಷೆ ಎಂಬುದು ಹೊಸ ಕಾಯಿದೆಯ ಆವಿಷ್ಕಾರವಲ್ಲ. ಮಹಾರಾಷ್ಟ್ರದ ವ್ಯಾಟ್ ಕಾಯಿದೆಯಲ್ಲಿಯೂ ಸರಕಾರಕ್ಕೆ ವಾಸ್ತವವಾಗಿ ಮುಟ್ಟಿದ ತೆರಿಗೆಗೆ ಮಾತ್ರ ಸೆಟ್-ಆಫ್ ಎಂಬ ಕಲಮು ಇತ್ತು. ಮಹಾಲಕ್ಷ್ಮಿ ಕಾಟನ್ ಜಿನ್ನಿಂಗ್ ಪ್ರಕರಣದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ 2012ರಲ್ಲಿ ಅದನ್ನು ಎತ್ತಿಹಿಡಿಯಿತು. ನಮ್ಮ ಕರ್ನಾಟಕದ ಕಾಫಿ ವ್ಯಾಪಾರಕ್ಕೆ ಸಂಬಂಧಿಸಿದ ಇಕಾಮ್ ಗಿಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2023ರ ಮಾರ್ಚ್ 13ರಂದು ಇನ್ನೊಂದು ಮಾತು ಹೇಳಿತು: ಬಿಲ್ಲು ತೋರಿಸಿದರೆ, ಚೆಕ್ಕಿನಿಂದ ಹಣ ಕೊಟ್ಟರೆ ಸಾಲದು, ಮಾಲು ನಿಜವಾಗಿ ಬಂತೆಂಬುದನ್ನು ವಾಹನದ ಸಂಖ್ಯೆ, ಸಾಗಣೆಯ ವೆಚ್ಚ, ಮಾಲು ಮುಟ್ಟಿದ ರಸೀತಿಗಳಿಂದ ಕೊಂಡವನೇ ಸಿದ್ಧಪಡಿಸಬೇಕು. ಅದು ವ್ಯಾಟ್ ಕಾಲದ ತಕರಾರಾದರೂ, ಹೊಸ ಕಾಯಿದೆಯಲ್ಲಿಯೂ ಜಮೆ ಕೇಳುವವನ ಮೇಲೆಯೇ ರುಜುವಾತಿನ ಹೊಣೆ ಇದೆ. ಸುಳ್ಳು ಬಿಲ್ಲುಗಳ ದಂಧೆ ಎಷ್ಟು ಬೆಳೆದಿತ್ತೆಂದು ಬಲ್ಲವರಾರೂ ಈ ಎಚ್ಚರಿಕೆಯನ್ನು ಅನಗತ್ಯವೆನ್ನಲಾರರು. ಲಾರಿಯ ರಸೀತಿಯನ್ನು ಬಿಲ್ಲಿಗೆ ಪಿನ್ನು ಹಾಕಿ ಇಡುವುದು ಅಂಗಡಿಕಾರನ ಶಕ್ತಿಗೆ ಮೀರಿದ್ದೇನೂ ಅಲ್ಲ.

ನನ್ನ ತಕರಾರು ಬೇರೆ. ಮಾಲು ಬಂದದ್ದನ್ನು ಕೊಂಡವನು ಸಿದ್ಧಪಡಿಸಲಿ, ಅದು ಅವನ ಕಣ್ಣೆದುರಿನ ಸಂಗತಿ. ಆದರೆ ಮಾರಿದವನು ಸರಕಾರಕ್ಕೆ ಹಣ ಕಟ್ಟಿದನೋ ಇಲ್ಲವೋ ಎಂಬುದು ಸರಕಾರದ ಕಣ್ಣೆದುರಿನ ಸಂಗತಿ. ಆತನ ನೋಂದಣಿ, ಬ್ಯಾಂಕು ಖಾತೆ, ವಿಳಾಸ ಎಲ್ಲವೂ ಸರಕಾರದ ಬಳಿ ಇವೆ. ಹಿಂದಿನ ತಿಂಗಳ 3ಬಿ ಸಲ್ಲಿಸದವನಿಗೆ ಮುಂದಿನ ತಿಂಗಳ ಜಿಎಸ್‌ಟಿಆರ್-1 ತೆರೆಯದಂತೆ 2022ರಿಂದ ಬೀಗ ಹಾಕಿರುವುದೂ ಸರಕಾರವೇ. ಸ್ವಾರಗೇಟಿನ ಸ್ವಿಚ್ಚಿನ ವ್ಯಾಪಾರಿಯ ಬಳಿ ಇರುವುದು ಒಂದು ಫೋನು ಮಾತ್ರ. ಮೊದಲು ಮಾರಿದವನಿಂದ ವಸೂಲಿಗೆ ಯತ್ನಿಸಿ, ಅದು ಸಾಧ್ಯವಾಗದಾಗ ಮತ್ತು ಇಬ್ಬರೂ ಕೂಡಿ ಮಾಡಿದ ಮೋಸವೆಂದು ಕಂಡಾಗ ಮಾತ್ರ ಕೊಂಡವನ ಬಾಗಿಲಿಗೆ ಬರಬೇಕೆಂಬ ಕ್ರಮವನ್ನು ನಿಯಮದಲ್ಲಿಯೇ ಬರೆಯಬೇಕು.

ಇಲ್ಲವಾದರೆ ಆಗುವುದೇನು ಎಂಬುದನ್ನು ನಾನು ಆ ಅಂಗಡಿಯಲ್ಲಿಯೇ ಕಂಡೆ. ಭವಾನಿ ಪೇಠೆಯ ಸಣ್ಣ ವ್ಯಾಪಾರಿಯದು ಯಾವ ತಪ್ಪೂ ಇಲ್ಲ. ಕಾನೂನು ಕೊಟ್ಟ ಸೌಲಭ್ಯದಂತೆ ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡುತ್ತಿದ್ದಾನೆ. ಆದರೂ ನಮ್ಮ ಹಿರಿಯರು, "ಇನ್ನ ಮುಂದ ಅವನ ಕಡೆ ತಗೊಳ್ಳೂದು ಬ್ಯಾಡ, ದೊಡ್ಡ ಕಂಪನಿಯವರ ಕಡೇನ ತಗೋತೀನಿ" ಎಂದುಬಿಟ್ಟರು. ಸಣ್ಣವನಿಗೆಂದು ಮಾಡಿದ ಸೌಲಭ್ಯ ಅವನ ಗಿರಾಕಿಯನ್ನೇ ಕಸಿಯಿತು. ಇದೇ ಭಯದಿಂದಲೇ ನಮ್ಮ ಹಿರಿಯರು ಸ್ವತಃ ಆ ಸೌಲಭ್ಯವನ್ನು ಬಿಟ್ಟು ತಿಂಗಳ ಲೆಕ್ಕ ಸಲ್ಲಿಸುತ್ತಾರೆ. ಇವರಿಂದ ಕೊಳ್ಳುವ ಗುತ್ತಿಗೆದಾರರು ಬಿಲ್ಲು ಪಟ್ಟಿಯಲ್ಲಿ ಕಾಣುವತನಕ ತೆರಿಗೆಯ ಮೊತ್ತವನ್ನು ತಡೆಹಿಡಿಯುತ್ತಾರಂತೆ. ನಾನು ಅವರಿಗೆ ಐಎಫ್ಎಫ್‌ನ ವಿಷಯ ಹೇಳಿ, ಆ ವ್ಯಾಪಾರಿಗೆ ಫೋನು ಮಾಡಿಸಿದೆ. ಮರಾಠಿಯಲ್ಲಿ ಹತ್ತು ನಿಮಿಷ ಮಾತಾಯಿತು. ಇನ್ನು ಪ್ರತಿ ತಿಂಗಳು 13ರೊಳಗೆ ಇವರ ಬಿಲ್ಲುಗಳನ್ನು ಏರಿಸುವುದಾಗಿ ಆತ ಒಪ್ಪಿದ.

ಜನವರಿಯ ಪಟ್ಟಿಯಲ್ಲಿ 12,600 ಮತ್ತು 9,360ರ ಎರಡೂ ಬಿಲ್ಲುಗಳು ಬಂದವು. ಬೆಂಗಳೂರಿನ 7,200 ಇನ್ನೂ ಬಂದಿಲ್ಲ. "ಅವ್ರು ನಮ್ಮವ್ರ ಅದಾರ, ಎಷ್ಟ ಸಲ ಅಂತ ಕೇಳೂದ್ರಿ" ಎಂದು ಹಿರಿಯರು ಸಂಕೋಚಪಡುತ್ತಾರೆ. ಅವರ ಖರೀದಿ ಪುಸ್ತಕದ ಮೊದಲ ಪುಟದಲ್ಲಿ ಈಗ ಕೆಂಪು ಶಾಯಿಯಲ್ಲಿ ನವೆಂಬರ್ 30 ಎಂದು ಬರೆದಿದೆ.